ಹಲ್ಮಿಡಿ ಶಾಸನದಲ್ಲಿ ಕನ್ನಡ ಎಷ್ಟಿದೆ? ಅದರ ಕಾಲವನ್ನು ಹೇಗೆ ನಿರ್ಧರಿಸಿದರು?

ಯಗಚಿ_ದಂಡೆ
ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಳೆದ ವಾರ ಮಕ್ಕಳನ್ನು ಹಲ್ಮಿಡಿಗೆ ಕರೆದುಕೊಂಡು ಹೋಗಿದ್ದೆ. ಊರಿನಲ್ಲಿ ನಿಲ್ಲಿಸಿರುವ ನಕಲು ಕಂಬವನ್ನು ತೋರಿಸಿ, ಶಾಸನದ ಪಾಠವನ್ನು ಹಾಳೆಯಲ್ಲಿ ಬರೆದು ಎಲ್ಲರಿಗೂ ಹಂಚಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಓದಿ ನೋಡಿ, "ಮೇಡಂ, ಇದು ಸಂಸ್ಕೃತವಲ್ಲವೇ? ಇದನ್ನು ಮೊದಲ ಕನ್ನಡ ಶಾಸನ ಎಂದು ಯಾಕೆ ಕರೆಯುತ್ತಾರೆ?" ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ಮೊದಲ ಸಾಲುಗಳಲ್ಲಿ ವಿಷ್ಣುಸ್ತುತಿ, ಪೂರ್ತಿ ಸಂಸ್ಕೃತ. ನಂತರವೂ "ದಕ್ಷಿಣಾಪಥ ಬಹುಶತಹವನಾಹವದುಳ್" ಎಂಬಂಥ ಉದ್ದುದ್ದ ಸಮಾಸಗಳು. ಇನ್ನೊಂದು ಪ್ರಶ್ನೆ ನನ್ನದು. ಶಾಸನದಲ್ಲಿ ಶಕವರ್ಷವೇ ಇಲ್ಲ. ಹಾಗಿದ್ದರೆ ಕ್ರಿ.ಶ. 450 ಎಂಬ ಲೆಕ್ಕ ಎಲ್ಲಿಂದ ಬಂತು? ತಿಳಿದವರು ಮಕ್ಕಳಿಗೆ ಅರ್ಥವಾಗುವಂತೆ ವಿವರಿಸಿದರೆ ಉಪಕಾರವಾಗುತ್ತದೆ.

ಕುಂತಳ
ಮೇಡಂ, ಮೊದಲನೆಯದಾಗಿ ಹಲ್ಮಿಡಿ ಈಗ ಅತ್ಯಂತ ಹಳೆಯದಲ್ಲ. ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಬಳಿ 2013ರಲ್ಲಿ ಕೇಂದ್ರ ಪುರಾತತ್ವ ಇಲಾಖೆ ಉತ್ಖನನ ನಡೆಸಿದಾಗ ಸಿಂಹಕಟಾಂಜನದ, ಅಂದರೆ ಸಿಂಹ ಕೆತ್ತಿದ ತಡೆಗಲ್ಲಿನ, ಶಾಸನ ಸಿಕ್ಕಿತು. ಅದರ ಕಾಲ 370. ವಿಷಯ ಇತ್ಯರ್ಥವಾಗಿದೆ, ಪಠ್ಯಪುಸ್ತಕ ಬದಲಾಗುವುದೊಂದೇ ಬಾಕಿ.

ಕಲ್ಲಚ್ಚು
ಕಾಲದ ಮಾತಿಗೆ ಆಮೇಲೆ ಬರೋಣ. ಮೊದಲು ಆ ಹುಡುಗಿಯ ಪ್ರಶ್ನೆ, ಅದೇ ಮುಖ್ಯ.

ಒಂದು ಬರಹ ಯಾವ ಭಾಷೆಯದು ಎಂದು ತಿಳಿಯಲು ನಾಮಪದಗಳನ್ನು ಎಣಿಸಬಾರದು, ಪ್ರತ್ಯಯ ಮತ್ತು ಕ್ರಿಯಾಪದಗಳನ್ನು ನೋಡಬೇಕು. "ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ" ಎಂದರೆ ಹೆಸರುಗಳೆಲ್ಲ ಇಂಗ್ಲಿಷಿನವು, ವಾಕ್ಯ ಮಾತ್ರ ಕನ್ನಡದ್ದು. ಹಲ್ಮಿಡಿಯೂ ಹಾಗೆಯೇ. ನೀವು ಕೊಟ್ಟ "ಹವನಾಹವದುಳ್" ಪದವನ್ನೇ ನೋಡಿ. ಸಮಾಸ ಸಂಸ್ಕೃತದ್ದು, ಕೊನೆಯ "ಉಳ್" ಕನ್ನಡದ ಸಪ್ತಮಿ. "ನಾಡುಳ್" ಎಂಬಲ್ಲಿಯೂ ಅದೇ ಇದೆ. ಮುಂದಿನ ಹಳಗನ್ನಡದಲ್ಲಿ ಇದು "ನಾಡೊಳ್" ಆಗುತ್ತದೆ, ನಾವು "ನಾಡಿನಲ್ಲಿ" ಎನ್ನುತ್ತೇವೆ.

ಈಗ ಶಾಸನದ ನಡುವಿನ ಈ ಭಾಗವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ: "ಕೇಕಯ ಪಲ್ಲವರಂ ಕಾದೆಱಿದು ಪೆತ್ತಜಯನಾ ವಿಜ ಅರಸಂಗೆ ಬಾಳ್ಗೞ್ಚು ಪಲ್ಮಿಡಿಉಂ ಮೂೞಿವಳ್ಳಿಉಂ ಕೊಟ್ಟಾರ್." ಕೇಕಯರನ್ನೂ ಪಲ್ಲವರನ್ನೂ ಕಾದಾಡಿ ಇರಿದು ಜಯ ಪಡೆದ ವಿಜ ಅರಸನಿಗೆ, ಕತ್ತಿ ತೊಳೆದ ಗೌರವದ ಕೊಡುಗೆಯಾಗಿ, ಪಲ್ಮಿಡಿಯನ್ನೂ ಮೂೞಿವಳ್ಳಿಯನ್ನೂ ಕೊಟ್ಟರು. ಯಾರು, ಯಾರಿಗೆ, ಏನು ಕೊಟ್ಟರು ಎಂಬ ವ್ಯವಹಾರದ ಮಾತು ಬಂದ ಕೂಡಲೇ ಸಂಸ್ಕೃತ ಹಿಂದೆ ಸರಿದಿದೆ. ಹೊಗಳಿಕೆಗೆ ಆಸ್ಥಾನದ ಭಾಷೆ ಸಾಕಾಗುತ್ತಿತ್ತು. ಊರು ಯಾರದ್ದು ಎಂಬುದು ಊರಿನವರಿಗೇ ತಿಳಿಯಬೇಕಲ್ಲ!

ಯಗಚಿ_ದಂಡೆ
ಪಲ್ಮಿಡಿ ಎಂದರೆ ಹಲ್ಮಿಡಿಯೇ? ಹಾಳೆಯಲ್ಲಿ ಬರೆಯುವಾಗ ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ!

ಕಲ್ಲಚ್ಚು
ಅದೇ ಊರು. ಪದದ ಮೊದಲಿನ ಪಕಾರ ಹಕಾರವಾದದ್ದಕ್ಕೆ ಆ ಊರಿನ ಹೆಸರೇ ಸಾಕ್ಷಿ ನಿಂತಿದೆ. ಕೆಲವು ಓದುಗಳಲ್ಲಿ "ಪಲ್ಮಡಿ" ಎಂದೂ ಇದೆ.

ಕಡಲತಡಿ
ಇದನ್ನೇ ನಾನು ವರ್ಷಗಳಿಂದ ಹೇಳುತ್ತಿದ್ದೇನೆ. ನಮ್ಮ ತುಳುವಿನಲ್ಲಿ ಇಂದಿಗೂ ಹುಲಿಗೆ "ಪಿಲಿ" ಎನ್ನುತ್ತೇವೆ, ದಸರೆಯಲ್ಲಿ ಕುಣಿಯುವುದು ಪಿಲಿವೇಷ. ಹಲ್ಮಿಡಿಯಲ್ಲಿ ಪಕಾರ ಇದೆ ಎಂದರೆ ಆ ಕಾಲದ ಕನ್ನಡ ತುಳುವಿನಿಂದ ಬಂದಿತ್ತು ಎಂದಲ್ಲವೇ ಅರ್ಥ? ಶಾಸನದಲ್ಲಿ "ಅಳಪಗಣ ಪಶುಪತಿ" ಎಂದೂ ಇದೆ. ಅಳುಪರು ನಮ್ಮ ಕರಾವಳಿಯ ಅರಸರು.

ಕಲ್ಲಚ್ಚು
ನಿಮ್ಮ ಮಾತಿನ ಮೊದಲರ್ಧ ಸರಿ, ತೀರ್ಮಾನ ಸರಿಯಲ್ಲ. ಪಕಾರ ತುಳುವಿನ ಸ್ವತ್ತಲ್ಲ, ತಮಿಳಿನಲ್ಲೂ ಇದೆ, ತೆಲುಗಿನಲ್ಲೂ ಇದೆ. ಎಲ್ಲರಿಗೂ ಹಿರಿಯರಿಂದ ಬಂದ ಧ್ವನಿ ಅದು. ಉಳಿದವರು ಹಾಗೆಯೇ ಇಟ್ಟುಕೊಂಡರು, ಕನ್ನಡ ಬದಲಾಯಿಸಿಕೊಂಡಿತು, ಅದೂ ಬಹಳ ತಡವಾಗಿ. 10ನೆಯ ಶತಮಾನದಲ್ಲಿ ಪಂಪ ಬರೆಯುವಾಗಲೂ ಪಕಾರವೇ. ಅಲ್ಲಿಂದಾಚೆಗೆ ಹಕಾರ ಮೆಲ್ಲನೆ ನುಗ್ಗುತ್ತದೆ. ಹಳೆಯದನ್ನು ಉಳಿಸಿಕೊಂಡ ಭಾಷೆ ಬದಲಾದ ಭಾಷೆಗೆ ತಾಯಿ ಆಗಬೇಕೆಂದಿಲ್ಲ, ಅಕ್ಕ ತಂಗಿಯರಾಗಿರಬಹುದು.

ಅಳುಪರ ಮಾತು ಮಾತ್ರ ಒಳ್ಳೆಯ ಗಮನಿಕೆ. ಕರಾವಳಿಯ ಅರಸುಕುಲದ ಹೆಸರು ಬೇಲೂರಿನ ಕಡೆಯ ಕಲ್ಲಿನಲ್ಲಿ ಇರುವುದು ವಿಚಾರ ಮಾಡಬೇಕಾದ ಸಂಗತಿಯೇ.

ಕಡಲತಡಿ
ಅಕ್ಕ ತಂಗಿ ಎಂದರೆ ಒಪ್ಪುತ್ತೇನೆ. ಅಕ್ಕ ಯಾರು ಎಂಬ ಚರ್ಚೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡಿದ್ದೇನೆ.

ಗೌಡರ_ತೋಟ
ನಮಸ್ಕಾರ. ನಮ್ಮ ತೋಟದ ಬಾವಿಯ ಪಕ್ಕದಲ್ಲಿ ಒಂದು ಕಲ್ಲು ಇದೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಹತ್ತು ಹನ್ನೆರಡು ಸಾಲು ಅಕ್ಷರ. ಆಳುಗಳು ಅದರ ಮೇಲೆ ಕುಡುಗೋಲು ಮಸೆಯುತ್ತಾರೆ. ಇದೂ ಕದಂಬರ ಕಾಲದ್ದಿರಬಹುದೇ? ಸೀಮೆಸುಣ್ಣ ತುಂಬಿ ಫೋಟೋ ತೆಗೆದು ಹಾಕಲೇ?

ಕಲ್ಲಚ್ಚು
ದಯವಿಟ್ಟು ಸೀಮೆಸುಣ್ಣ ಬೇಡ ಗೌಡರೇ, ಬಣ್ಣವೂ ಬೇಡ, ಎಣ್ಣೆಯೂ ಬೇಡ. ಸುಣ್ಣ ತುಂಬುವವರು ತಮಗೆ ಕಂಡ ಅಕ್ಷರವನ್ನು ತುಂಬುತ್ತಾರೆ, ಕಲ್ಲಿನಲ್ಲಿ ಇರುವುದನ್ನಲ್ಲ. ಆಮೇಲೆ ಬಂದವರೂ ಆ ತಪ್ಪನ್ನೇ ಓದುತ್ತಾರೆ. ಮಸೆಯುವುದನ್ನು ಇವತ್ತೇ ನಿಲ್ಲಿಸಿ. ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ಮಣ್ಣನ್ನು ತೊಳೆಯಿರಿ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ. ರಾತ್ರಿಯಾದರೆ ಒಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗಿಸಿ ಹಿಡಿಯಲಿ, ಇನ್ನೊಬ್ಬರು ಎದುರಿನಿಂದ ತೆಗೆಯಲಿ. ಸವೆದ ಗೆರೆಗಳೂ ನೆರಳಿನಲ್ಲಿ ಎದ್ದು ಕಾಣುತ್ತವೆ.

ಹಾಗೆಯೇ ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಭಾಗವನ್ನು ನೋಡಿ. ಊರಿನ ಹೆಸರಿನಿಂದ ಹುಡುಕಬಹುದು. ಈಗಾಗಲೇ ಅಚ್ಚಾಗಿರುವ ಸಾಧ್ಯತೆ ಇದೆ.

ಸಂದೇಹಿ
ಎಲ್ಲರೂ ಕಾಲದ ಪ್ರಶ್ನೆಯನ್ನು ಬದಿಗಿಟ್ಟರು. 450 ಎಂಬುದಕ್ಕೆ ಆಧಾರವೇನು? ಕುಂತಳ ಅವರೇ, 370 ಎಂಬುದಕ್ಕೆ ತಾಳಗುಂದದ ಶಾಸನದಲ್ಲಿ ಇಸವಿ ಕೊರೆದಿದ್ದಾರೆಯೇ?

ಕುಂತಳ
ಇಸವಿ ಇಲ್ಲ. ಲಿಪಿಯನ್ನು ನೋಡಿ ಇಲಾಖೆಯವರೇ ಹೇಳಿದ್ದಾರೆ. ಅಲ್ಲಿ ಸಂಸ್ಕೃತವೂ ಇದೆ, ಕನ್ನಡವೂ ಇದೆ. ತಾಳಗುಂದ ಎಂದರೆ ಕದಂಬರ ಮೂಲಸ್ಥಾನ, ಶಾಂತಿವರ್ಮನ ಕಾಲದ ಸ್ತಂಭಶಾಸನವೂ ಅಲ್ಲಿಯೇ ಇದೆ. ಮೊದಲ ಕನ್ನಡ ಅಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು?

ಸಂದೇಹಿ
ಅದು ಹೆಮ್ಮೆಯೇ ಹೊರತು ಪುರಾವೆಯಲ್ಲ. ಲಿಪಿ ನೋಡಿ 370 ಎಂದು ಹೇಗೆ ಹೇಳುತ್ತಾರೆ? 360 ಯಾಕಲ್ಲ, 420 ಯಾಕಲ್ಲ?

ಕಲ್ಲಚ್ಚು
ಸಂದೇಹಿಯವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ.

ಹಲ್ಮಿಡಿಯನ್ನು ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ, 1936ರ ವರದಿಯಲ್ಲಿ. ಅವರು ಎರಡು ಸುಳಿವುಗಳನ್ನು ಜೋಡಿಸಿದರು. ಒಂದು, ಅಕ್ಷರಗಳ ಆಕಾರ. ಇನ್ನೊಂದು, "ಕಕುಸ್ಥ ಭಟ್ಟೋರನ್ ಆಳೆ", ಅಂದರೆ ಕಕುಸ್ಥ ಆಳುತ್ತಿರುವಾಗ ಎಂಬ ಮಾತು. ಈ ಕಕುಸ್ಥ ಕದಂಬ ಅರಸ ಕಾಕುಸ್ಥವರ್ಮನೇ ಎಂದಾದರೆ ಶಾಸನ 5ನೆಯ ಶತಮಾನದ ಮಧ್ಯದೊಳಗೆ ಬರಬೇಕು. ಆದರೆ ಅರಸರ ಮನೆತನಗಳಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ಸಾಮಾನ್ಯ. ಕೆಲವು ವಿದ್ವಾಂಸರು ಈ ಗುರುತನ್ನು ಒಪ್ಪದೆ ಶಾಸನವನ್ನು ಇನ್ನೂ ಈಚೆಗೆ ತರುತ್ತಾರೆ.

ಇನ್ನು ಲಿಪಿ. ಇಸವಿ ಇರುವ ಶಾಸನಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೊಂದು ಅಕ್ಷರವೂ ಹೇಗೆ ಬಾಗುತ್ತ ಬಂತು ಎಂದು ಪಟ್ಟಿ ಮಾಡುತ್ತಾರೆ. ಇಸವಿ ಇಲ್ಲದ ಕಲ್ಲು ಆ ಪಟ್ಟಿಯಲ್ಲಿ ಎಲ್ಲಿ ಕೂರುತ್ತದೆ ಎಂದು ನೋಡುತ್ತಾರೆ. ಇದರಲ್ಲಿ ಎರಡು ತೊಡಕುಗಳಿವೆ. ಮುದುಕ ಲಿಪಿಕಾರ ತಾನು ಎಳವೆಯಲ್ಲಿ ಕಲಿತ ಹಳೆಯ ಶೈಲಿಯಲ್ಲೇ ಬರೆಯುತ್ತಾನೆ. ರಾಜಧಾನಿಯಲ್ಲಿ ಬದಲಾದ ಅಕ್ಷರ ಮೂಲೆಯ ಹಳ್ಳಿಗೆ ತಲುಪಲು ಒಂದೆರಡು ತಲೆಮಾರು ಬೇಕಾಗುತ್ತದೆ. ಹಾಗಾಗಿ ಲಿಪಿಯೊಂದರಿಂದಲೇ ಐವತ್ತು ವರ್ಷಕ್ಕಿಂತ ಸೂಕ್ಷ್ಮವಾಗಿ ಹೇಳಿದರೆ ನಾನು ಒಪ್ಪುವುದಿಲ್ಲ. ತಾಳಗುಂದದ ಕಲ್ಲಿಗೂ ಹಲ್ಮಿಡಿಯ ಕಂಬಕ್ಕೂ ಇದೇ ಮಾತು. ತಾಳಗುಂದದ್ದು ಹಳೆಯದಿರಬಹುದು, ಅದನ್ನು ನಾನು ಅಲ್ಲಗಳೆಯುತ್ತಿಲ್ಲ.

ಮಲಪ್ರಭೆ
ಇಸವಿಯೇ ಬೇಕಾದವರು ನಮ್ಮ ಬಾದಾಮಿಗೆ ಬನ್ನಿ. ಮೂರನೆಯ ಗುಹೆಯಲ್ಲಿ ಮಂಗಳೇಶನ ಸಂಸ್ಕೃತ ಶಾಸನ ಶಕ 500ರದು, ಅಂದರೆ 578. ಅಲ್ಲಿಯೇ ಮಂಗಳೇಶನ ಹೆಸರಿರುವ ಕನ್ನಡ ಶಾಸನವೂ ಇದೆ. "ಕಲ್ಮನೆಗೆ ಇತ್ತೊದು ಲಂಜಿಗೇಸರಂ" ಎಂದು ಬರುತ್ತದೆ. ಗುಹಾಲಯವನ್ನು ಕಲ್ಮನೆ ಎಂದು ಕರೆದಿದ್ದಾರೆ ನೋಡಿ! ಆ ಮನೆಗೆ ಕೊಟ್ಟ ಊರು ಲಂಜಿಗೇಸರ. ಇಲ್ಲಿ ಸಂಸ್ಕೃತದ ಗದ್ದಲವೇ ಇಲ್ಲ. ಹಲ್ಮಿಡಿಯನ್ನು ಓದಿ ಸುಸ್ತಾದ ಮಕ್ಕಳಿಗೆ ಇದನ್ನು ಓದಿಸಿ ಮೇಡಂ.

ಅದರ ಜೊತೆಗೆ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂಬ ಆ ತ್ರಿಪದಿಯನ್ನು ನಮ್ಮ ಊರಿನಲ್ಲಿ ಶಾಲೆಗೆ ಹೋಗದವರೂ ಹೇಳುತ್ತಾರೆ.

ಯಗಚಿ_ದಂಡೆ
ಕಲ್ಮನೆ ಎಷ್ಟು ಚೆನ್ನಾಗಿದೆ! ಕಲ್ಲಚ್ಚು ಸರ್, "ಇತ್ತೊದು" ಎಂಬಲ್ಲಿ ಒಕಾರ ಯಾಕೆ? ಹಳಗನ್ನಡದ ಪಾಠಗಳಲ್ಲಿ "ಇತ್ತುದು" ಎಂದಲ್ಲವೇ ಬರುವುದು?

ಕಲ್ಲಚ್ಚು
ಈ ಒಕಾರ ಅತಿ ಹಳೆಯ ಶಾಸನಗಳ ಗುರುತು. ಹಲ್ಮಿಡಿಯಲ್ಲಿ "ಅಪ್ಪೊರ್" ಇದೆ, "ಅೞಿವೊನ್ಗೆ" ಇದೆ. ಬಾದಾಮಿಯಲ್ಲಿ "ಇತ್ತೊದು". ಕಪ್ಪೆ ಅರಭಟ್ಟನಲ್ಲಿ "ಒಳ್ಳಿತ್ತ ಕೆಯ್ವೊರ್". ಮುಂದೆ ಕಾವ್ಯಗಳ ಕಾಲಕ್ಕೆ ಬಂದರೆ "ಅೞಿವಂಗೆ", "ಕೆಯ್ವರ್" ಎಂಬ ರೂಪಗಳೇ ಹೆಚ್ಚು. ಹಲ್ಮಿಡಿಯ "ಕೊಟ್ಟಾರ್", "ವಿಟ್ಟಾರ್" ಎಂಬ ದೀರ್ಘವೂ ಹಾಗೆಯೇ, ಅದು ಆಮೇಲೆ "ಕೊಟ್ಟರ್" ಎಂದು ಕುಗ್ಗಿ, ಕೊನೆಗೆ ಉಕಾರ ಸೇರಿ "ಕೊಟ್ಟರು" ಆಯಿತು. ಇಂಥ ರೂಪಗಳಿರುವುದರಿಂದಲೇ ಇವುಗಳ ಭಾಷೆಯನ್ನು ಹಳಗನ್ನಡಕ್ಕಿಂತ ಹಿಂದಿನದು, ಪೂರ್ವದ ಹಳಗನ್ನಡ ಎನ್ನುತ್ತಾರೆ. 1941ರಲ್ಲಿ ನರಸಿಂಹಯ್ಯನವರೂ 1946ರಲ್ಲಿ ಗಾಯಿ ಅವರೂ ಶಾಸನಗಳಿಂದಲೇ ಈ ವ್ಯಾಕರಣವನ್ನು ಕಟ್ಟಿಕೊಟ್ಟರು.

ಹಲ್ಮಿಡಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗವೊಂದಿದೆ. ತಮಿಳಿನಲ್ಲಿ ಕತ್ತಿಗೆ "ವಾಳ್", ನಮ್ಮಲ್ಲಿ "ಬಾಳ್". ತಮಿಳಿನಲ್ಲಿ "ವಿಡು", ನಮ್ಮಲ್ಲಿ "ಬಿಡು". ಪದದ ಮೊದಲಿನ ವಕಾರ ಬಕಾರವಾಗುವುದು ಕನ್ನಡದ ನಡೆ. ಆ ಕಂಬದಲ್ಲಿ "ಬಾಳ್" ಎಂದು ಬಕಾರದಲ್ಲಿದೆ, "ವಿಟ್ಟಾರ್" ಎಂದು ವಕಾರದಲ್ಲಿದೆ. ಒಂದೇ ಕಲ್ಲು, ಒಂದೇ ಕೈ. ಬದಲಾವಣೆ ಆಗುತ್ತಿರುವಾಗಲೇ ಹಿಡಿದಂತಾಗಿದೆ. ಒಂದು ಪದದಲ್ಲಿ ಮುಗಿದಿದೆ, ಇನ್ನೊಂದರಲ್ಲಿ ಮುಗಿದಿಲ್ಲ.

ಸಂದೇಹಿ
ಅಥವಾ "ವಿಟ್ಟಾರ್" ಎಂಬುದು ದಾನಪತ್ರಗಳಲ್ಲಿ ರೂಢಿಯಾಗಿದ್ದ ಹಳೆಯ ಬರವಣಿಗೆಯ ರೂಪ ಮಾತ್ರ ಇರಬಹುದು. ಜನ ಆಗಲೇ "ಬಿಟ್ಟಾರ್" ಎನ್ನುತ್ತಿದ್ದರೇನೋ. ಇಂದಿಗೂ ಕಚೇರಿಯ ಕಾಗದಗಳಲ್ಲಿ ಯಾರೂ ಬಾಯಲ್ಲಿ ಆಡದ ಮಾತುಗಳಿರುತ್ತವೆ.

ಕಲ್ಲಚ್ಚು
ಇರಬಹುದು, ತಳ್ಳಿಹಾಕಲಾರೆ. ಹಾಗಿದ್ದರೆ ಹಲ್ಮಿಡಿಗಿಂತ ಮುಂಚೆಯೇ ಕನ್ನಡದಲ್ಲಿ ದಾನಪತ್ರ ಬರೆಯುವ ರೂಢಿ ಇತ್ತು ಎಂದು ನೀವೇ ಒಪ್ಪಿದಂತಾಯಿತು!

ನನಗೂ ಹಾಗೆಯೇ ಅನ್ನಿಸುತ್ತದೆ, ಬೇರೆ ಕಾರಣದಿಂದ. ಕನ್ನಡ ನಾಡಿನಲ್ಲಿ ಕಲ್ಲಿನ ಮೇಲೆ ಮೊದಲು ಬಂದದ್ದು ಪ್ರಾಕೃತ. ಬ್ರಹ್ಮಗಿರಿಯ ಅಶೋಕನ ಶಾಸನ ಪ್ರಾಕೃತದ್ದು, ಚಂದ್ರವಳ್ಳಿಯ ಮಯೂರಶರ್ಮನದೂ ಪ್ರಾಕೃತ. ಆಮೇಲೆ ಸಂಸ್ಕೃತ. ಈ ಎರಡಕ್ಕೂ ಬಳಸಿದ ಬ್ರಾಹ್ಮಿಯ ಅಕ್ಷರಮಾಲೆಯಲ್ಲಿ ಱ, ೞ ಬೇಕಿರಲಿಲ್ಲ, ಆ ಧ್ವನಿಗಳೇ ಆ ಭಾಷೆಗಳಲ್ಲಿಲ್ಲ. ಕನ್ನಡ ಬರೆಯಲು ಹೊರಟವನಿಗೆ ಇವು ಬೇಕೇ ಬೇಕು. ಹಲ್ಮಿಡಿಯಲ್ಲಿ "ಕಾದೆಱಿದು", "ಬಾಳ್ಗೞ್ಚು", "ಗೞ್ದೆ" ಎಂದು ಇವೆರಡೂ ತಮ್ಮ ತಮ್ಮ ಜಾಗದಲ್ಲಿ ನೆಟ್ಟಗೆ ಕೂತಿವೆ. "ಬಾಳ್" ಮತ್ತು "ಕೞ್ಚು" ಸೇರಿ "ಬಾಳ್ಗೞ್ಚು" ಆಗಿದೆ, ಅಂದರೆ ಮಳೆಗಾಲದಲ್ಲಿ ಇರುವ ಆದೇಶ ಸಂಧಿಯೇ. ಮೊದಲ ಸಲ ಕನ್ನಡ ಬರೆಯಲು ತಡಕಾಡುತ್ತಿರುವ ಕೈ ಇಷ್ಟು ಅಚ್ಚುಕಟ್ಟಾಗಿ ಬರೆಯುವುದಿಲ್ಲ. ಹಿಂದಿನ ಬರಹಗಳು ತಾಳೆಗರಿಯ ಮೇಲಿದ್ದು ಹಾಳಾಗಿರಬೇಕು ಎಂಬುದು ನನ್ನ ಎಣಿಕೆ.

ಮುದ್ರಾಕ್ಷರ
ಆ ಎರಡು ಅಕ್ಷರಗಳನ್ನು ತಮಿಳು ಬ್ರಾಹ್ಮಿಯಿಂದ ತೆಗೆದುಕೊಂಡಿರಬಹುದಲ್ಲ ಸರ್? ಅಲ್ಲಿ ಶತಮಾನಗಳ ಹಿಂದೆಯೇ ಇದ್ದವು. ಸಿದ್ಧವಾಗಿ ಸಿಕ್ಕಿದ್ದರೆ ತಡಕಾಟವೇ ಬೇಕಿರಲಿಲ್ಲ, ನಿಮ್ಮ ವಾದ ಅಷ್ಟರ ಮಟ್ಟಿಗೆ ಸಡಿಲವಾಗುತ್ತದೆ.

ನಾನು ಕನ್ನಡ ಫಾಂಟುಗಳನ್ನು ಮಾಡುತ್ತೇನೆ. ೞ ಅಕ್ಷರಕ್ಕೆ ಯೂನಿಕೋಡಿನಲ್ಲಿ ಇಟ್ಟ ಹೆಸರು KANNADA LETTER FA! ಅದರ ಸಂಕೇತ U+0CDE. ತಪ್ಪಾಗಿದೆ ಎಂದು ಗೊತ್ತಾದರೂ ಇಟ್ಟ ಹೆಸರನ್ನು ಬದಲಾಯಿಸುವ ನಿಯಮವಿಲ್ಲ. ಆದ್ದರಿಂದ KANNADA LETTER LLLA ಎಂಬ ತಿದ್ದುಪಡಿ ಹೆಸರನ್ನು ಜೊತೆಗೆ ಸೇರಿಸಿದ್ದಾರೆ. ಹಳೆಯ ಕೆಲವು ಫಾಂಟುಗಳಲ್ಲಿ ಇದು ಚೌಕವಾಗಿ ಕಾಣುತ್ತದೆ, ಈ ಚರ್ಚೆಯನ್ನು ಓದುತ್ತಿರುವವರಿಗೂ ಹಾಗೆ ಕಾಣುತ್ತಿದ್ದರೆ ಫಾಂಟ್ ಬದಲಾಯಿಸಿ.

ಕಲ್ಲಚ್ಚು
ತಮಿಳು ಬ್ರಾಹ್ಮಿಯ ಮಾತು ಗಟ್ಟಿಯಾದ ಆಕ್ಷೇಪವೇ. ಆಕಾರ ಎಲ್ಲಿಂದಲೇ ಬಂದಿರಲಿ, ಯಾವ ಕನ್ನಡ ಪದಕ್ಕೆ ಯಾವುದು ಎಂಬ ಪಾಠ ಮಾತ್ರ ಕನ್ನಡಿಗರ ನಡುವೆಯೇ ನಡೆದಿರಬೇಕು ಎಂದಷ್ಟೇ ಹೇಳುತ್ತೇನೆ.

ಯಗಚಿ_ದಂಡೆ
ೞ ಆಮೇಲೆ ಎಲ್ಲಿ ಹೋಯಿತು?

ಕಲ್ಲಚ್ಚು
ಸ್ವರಗಳ ನಡುವೆ ಇದ್ದಲ್ಲಿ ಳಕಾರದಲ್ಲಿ ಕರಗಿತು, "ಅೞಿ" ಹೋಗಿ "ಅಳಿ" ಆಯಿತು. ವ್ಯಂಜನದ ಹಿಂದೆ ಇದ್ದಲ್ಲಿ ರೇಫವಾಯಿತು, "ಗೞ್ದೆ" ಹೋಗಿ "ಗರ್ದೆ", ಅದು ಒತ್ತಿಕೊಂಡು "ಗದ್ದೆ". ಇದನ್ನು ನಮಗೆ ತಿಳಿಸಿಕೊಟ್ಟವರು ತಪ್ಪು ಬರೆದ ಲಿಪಿಕಾರರು. ೞ ಇರಬೇಕಾದಲ್ಲಿ ಒಬ್ಬ ಳ ಕೊರೆದರೆ, ಅವನ ಕಿವಿಗೆ ಎರಡೂ ಒಂದೇ ಆಗಿತ್ತು ಎಂದಾಯಿತು. ಅಂಥ ತಪ್ಪುಗಳು ಯಾವ ಶತಮಾನದಲ್ಲಿ ಹೆಚ್ಚಾಗುತ್ತವೆ ಎಂದು ನೋಡಿದರೆ ಧ್ವನಿ ಅಳಿದ ಕಾಲ ಸಿಗುತ್ತದೆ. 13ನೆಯ ಶತಮಾನದ ಕೇಶಿರಾಜ ೞ ಇರುವ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಬಾಯಲ್ಲಿ ಉಳಿದಿದ್ದರೆ ಪಟ್ಟಿ ಯಾಕೆ ಬೇಕಿತ್ತು?

ಲಿಪಿಯ ಕಡೆಯಿಂದ ಇನ್ನೊಂದು ಸಂಗತಿ. ಆ ಕಾಲದ ಬರವಣಿಗೆಯಲ್ಲಿ ಎ ಏ, ಒ ಓ ನಡುವೆ ವ್ಯತ್ಯಾಸ ತೋರಿಸುತ್ತಿರಲಿಲ್ಲ. ಒಂದೇ ಗುರುತು. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ, ಆ ಕೊರತೆ ಲಿಪಿಯ ಜೊತೆಗೇ ನಮಗೂ ಬಂತು. ಹಾಗಾಗಿ ನಿಮ್ಮ ಹಾಳೆಯಲ್ಲಿ ಹ್ರಸ್ವ ದೀರ್ಘ ಎಂದು ಬೇರೆ ಬೇರೆ ಅಚ್ಚಾಗಿರುವುದು ಸಂಪಾದಕರ ತೀರ್ಮಾನ, ಕಲ್ಲಿನದ್ದಲ್ಲ.

ಗೌಡರ_ತೋಟ
ಸರ್, ತೊಳೆದು ರಾತ್ರಿ ಟಾರ್ಚ್ ಹಿಡಿದು ಫೋಟೋ ತೆಗೆದೆವು. ನನ್ನ ಮಗಳು ಕೂತು ಓದಿದಳು. ಮೊದಲಿಗೆ "ಜಯಾಭ್ಯುದಯ ಶಾಲಿವಾಹನ ಶಕ ವರುಷ" ಎಂದಿದೆ, ಅಂಕಿಗಳ ಜಾಗವನ್ನೇ ಮಸೆದುಬಿಟ್ಟಿದ್ದಾರೆ. ಕೆಳಗೆ ಒಂದು ಕಡೆ "ಹಳಿಯನು" ಎಂದೂ ಕೊನೆಗೆ "ಬಿಟರು" ಎಂದೂ ಓದಿದಳು. ಹಳಿ ಎಂದರೇನು?

ಕಲ್ಲಚ್ಚು
ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ಹಳಿ ಎಂದರೆ ಹಳ್ಳಿಯೇ. ಆ ಕಾಲದ ಶಾಸನಗಳಲ್ಲಿ ಒತ್ತಕ್ಷರಗಳನ್ನು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. "ಹಳ್ಳಿಯನ್ನು ಬಿಟ್ಟರು", ದಾನಶಾಸನ. "ಜಯಾಭ್ಯುದಯ ಶಾಲಿವಾಹನ ಶಕ ವರುಷ" ಎಂಬ ಆರಂಭ ವಿಜಯನಗರದ ಕಾಲದಲ್ಲಿ ಹೇರಳ. ಅಂಕಿ ಹೋಗಿದ್ದರೂ ಸಂವತ್ಸರದ ಹೆಸರು, ತಿಥಿ, ವಾರ ಉಳಿದಿದೆಯೇ ನೋಡಿ. ಅವು ಮೂರೂ ಸಿಕ್ಕಿ, ಅರಸನ ಹೆಸರೂ ಸಿಕ್ಕರೆ ವರ್ಷವನ್ನು ಲೆಕ್ಕ ಹಾಕಿ ತೆಗೆಯಬಹುದು.

ಯಗಚಿ ಮೇಡಂ, ನಿಮ್ಮ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಹಲ್ಮಿಡಿಯ "ವಿಟ್ಟಾರ್" ಮತ್ತು ಗೌಡರ ತೋಟದ "ಬಿಟರು" ಎರಡನ್ನೂ ಕಪ್ಪು ಹಲಗೆಯ ಮೇಲೆ ಮೇಲೆ ಕೆಳಗೆ ಬರೆದು, ಏನೇನು ಬದಲಾಗಿದೆ ಎಂದು ಮಕ್ಕಳನ್ನೇ ಕೇಳಿ.

ಗೌಡರ_ತೋಟ
ಸಂವತ್ಸರದ ಜಾಗದಲ್ಲಿ "ವಿ" ಎಂದು ಶುರುವಾಗುತ್ತದೆ, ಮುಂದೆ ಒಡೆದಿದೆ. ನಿಧಿಯ ಮಾತೇನಾದರೂ ಇದೆಯೇ ಎಂದು ನಮ್ಮ ಭಾವ ಕೇಳುತ್ತಿದ್ದಾರೆ.

ಮಲಪ್ರಭೆ
ದಾನಶಾಸನಗಳಲ್ಲಿ ನಿಧಿ ಎಂಬ ಮಾತು ಬಂದರೂ ಅದು ದಾನ ಪಡೆದವರಿಗೆ ಕೊಟ್ಟ ಹಕ್ಕುಗಳಲ್ಲಿ ಒಂದು, ಹೂತಿಟ್ಟ ಹಣದ ಸುಳಿವಲ್ಲ ಎಂದು ಭಾವನವರಿಗೆ ಹೇಳಿ ಗೌಡರೇ. ಈ ಆಸೆಗೆ ಎಷ್ಟು ಕಲ್ಲುಗಳು ಒಡೆದುಹೋಗಿವೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಕಲ್ಲನ್ನು ಕದಲಿಸಬೇಡಿ.

ಸಂದೇಹಿ
"ವಿ" ಎಂದರೆ ವಿಭವ, ವಿಕ್ರಮ, ವಿಜಯ, ವಿಕೃತಿ, ವಿಳಂಬಿ, ವಿಕಾರಿ, ವಿಶ್ವಾವಸು, ವಿರೋಧಿಕೃತು, ವಿರೋಧಿ ಇಷ್ಟೂ ಆಗಬಹುದು. ಎರಡನೆಯ ಅಕ್ಷರದ ಅರ್ಧವಾದರೂ ಕಾಣುವ ಫೋಟೋ ಹಾಕಿ.

ಕುಂತಳ
ತಾಳಗುಂದದ ವಿಷಯದಲ್ಲಿ ನಾನು ಸೋತಿಲ್ಲ. ಲಿಪಿಯಿಂದ ಐವತ್ತು ವರ್ಷದ ಅಂತರ ಎಂದು ಒಪ್ಪಿಕೊಂಡರೂ, 370 ಎಂಬುದು ಹೆಚ್ಚೆಂದರೆ 420ಕ್ಕೆ ಬರುತ್ತದೆ. ಆಗಲೂ ಹಲ್ಮಿಡಿಗಿಂತ ಮುಂಚೆಯೇ ಆಯಿತಲ್ಲ?

ಕಲ್ಲಚ್ಚು
ಹಲ್ಮಿಡಿಗೂ ಅದೇ ಐವತ್ತು ವರ್ಷವನ್ನು ಹಿಂದಕ್ಕೆ ಕೊಡಿ, ಅದು 400ಕ್ಕೆ ಹೋಗುತ್ತದೆ. ಎರಡರ ಅಚ್ಚನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೊಂದು ಅಕ್ಷರವನ್ನೂ ಹೋಲಿಸುವವರೆಗೆ ನಾನು ಯಾವ ಕಡೆಗೂ ವಾಲುವುದಿಲ್ಲ.